ಪುಂಡಿ ಪಲ್ಯದ ಡಬ್ಬಿಯಲ್ಲೊಂದು ಬ್ಯಾಟರಿ

ಧಾರಾವಿಯ 90 ಅಡಿ ರಸ್ತೆಯ ಒಳಗಲ್ಲಿಯೊಂದರಲ್ಲಿ ಕಲಬುರಗಿ ಕಡೆಯ ಅಕ್ಕ ಒಬ್ಬರು ಊಟದ ಡಬ್ಬಿ ಕಟ್ಟುತ್ತಾರೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ರಾತ್ರಿ ಮಾಡಿದ ಪಲ್ಯವನ್ನು ಅಗಲವಾದ ಸ್ಟೀಲ್ ಪಾತ್ರೆಗೆ ಸುರಿದು, ಮೇಲೆ ಅಲ್ಯೂಮಿನಿಯಂ ಫಾಯಿಲ್ ಬಿಗಿದು, ಬೆಳಿಗ್ಗೆ ಡಬ್ಬಿಗೆ ತುಂಬುವುದು ಅವರ ಪದ್ಧತಿ. ಒಂದು ಬೆಳಿಗ್ಗೆ ಆ ಫಾಯಿಲನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು: “ನೋಡ್ರಿ ಅಣ್ಣಾರ, ನಿನ್ನಿ ತಂದಿದ್ದು, ತೂತು ತೂತು ಆಗ್ಯಾದ. ಡೂಪ್ಲಿಕೇಟ್ ಮಾಲ್ ಕೊಟ್ಟಾನೇನ?”

ಮಾಲು ಅಸಲಿಯೇ. ತೂತುಗಳೆಲ್ಲ ಫಾಯಿಲ್ ಜೋತು ಪಲ್ಯಕ್ಕೆ ತಾಗಿದ್ದ ಕಡೆಯಷ್ಟೇ ಇದ್ದವು. ಅವುಗಳ ಕೆಳಗೆ ಪಲ್ಯದ ಮೇಲೆ ಬೂದು ಮಚ್ಚೆಗಳು. ಹೋದ ಲೋಹ ಎಲ್ಲಿಗೆ ಹೋಯಿತೆಂದು ಆ ಮಚ್ಚೆಗಳೇ ಹೇಳುತ್ತಿದ್ದವು.

ಇದೇ ಧಾರಾವಿಯ ತೇರಾ ಕಂಪೌಂಡಿನ ಕಡೆ ಭಂಗಾರದ ಅಲ್ಯೂಮಿನಿಯಂ ಕರಗಿಸುವ ಭಟ್ಟಿಗಳಿವೆ. ಅಲ್ಲಿ ಈ ಲೋಹ ಕರಗಬೇಕಾದರೆ 660 ಡಿಗ್ರಿ ಶಾಖ ಬೇಕು. ಪಲ್ಯದ ಪಾತ್ರೆಯಲ್ಲಿ ಒಲೆಯೇ ಇಲ್ಲದೆ ಮಾಯವಾಗುವುದು ಹೇಗೆ? ಅಲ್ಯೂಮಿನಿಯಂ ಮೂಲತಃ ಬಲು ಚುರುಕಿನ ಲೋಹ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟುತ್ತದೆ, ಆ ಪೊರೆಯೇ ಅದನ್ನು ಕಾಯುವುದು. ಹುಳಿ ಪೊರೆಯನ್ನು ಸವೆಸುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಅಲ್ಲಲ್ಲಿ ಚುಚ್ಚುತ್ತದೆ. ಹಾಳೆ ಇಡಿಯಾಗಿ ತೆಳುವಾಗದೆ ಸೂಜಿ ಚುಚ್ಚಿದಂತೆ ತೂತು ಬೀಳುವುದು ಉಪ್ಪಿನ ಈ ಗುಣದಿಂದ. ಪುಂಡಿ ಪಲ್ಯದಲ್ಲಿ ಇವೆರಡರ ಜೊತೆಗೆ ಸೊಪ್ಪಿನ ಆಕ್ಸಾಲಿಕ್ ಆಮ್ಲವೂ ಇದೆ. ಅದು ಅಲ್ಯೂಮಿನಿಯಂ ಅನ್ನು ಗಟ್ಟಿಯಾಗಿ ಹಿಡಿದು ಎಳೆದುಕೊಳ್ಳುವಂಥದ್ದು.

ಆದರೆ ಅದೇ ಪಲ್ಯವನ್ನು ಗಾಜಿನ ಬೋಗುಣಿಯಲ್ಲಿಟ್ಟು ಅದೇ ಫಾಯಿಲ್ ಮುಚ್ಚಿದರೆ ಒಂದು ರಾತ್ರಿಯಲ್ಲಿ ಇಷ್ಟೊಂದು ತೂತು ಬೀಳುವುದಿಲ್ಲ. ಇಲ್ಲಿನ ಮುಖ್ಯ ಅಪರಾಧಿ ಸ್ಟೀಲ್ ಪಾತ್ರೆ. ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪು ಹುಳಿಯ ರಸ: ಬ್ಯಾಟರಿಗೆ ಇನ್ನೇನು ಬೇಕು? ಫಾಯಿಲ್ ಪಾತ್ರೆಯ ಅಂಚಿಗೆ ಬಿಗಿದಿರುವುದರಿಂದ ಎಲೆಕ್ಟ್ರಾನುಗಳು ಆ ದಾರಿಯಲ್ಲಿ ಸ್ಟೀಲಿಗೆ ಹರಿಯುತ್ತವೆ. ಅವನ್ನು ಬಿಟ್ಟುಕೊಟ್ಟ ಅಲ್ಯೂಮಿನಿಯಂ ಅಯಾನುಗಳಾಗಿ ಪಲ್ಯಕ್ಕೆ ಇಳಿಯುತ್ತದೆ. ಫಾಯಿಲ್ ಪಲ್ಯಕ್ಕೆ ತಾಗಬಾರದು, ಇಲ್ಲವೇ ಸ್ಟೀಲಿಗೆ ತಾಗಬಾರದು. ಒಂದು ಕೊಂಡಿ ಕಳಚಿದರೂ ಬ್ಯಾಟರಿ ನಿಲ್ಲುತ್ತದೆ. ಮಿರುಗುವ ಬದಿ ಒಳಗಿರಬೇಕೋ ಹೊರಗೋ ಎಂದು ಜಗಳಾಡುವವರಿದ್ದಾರೆ. ಕೊನೆಯ ಸುತ್ತಿನಲ್ಲಿ ಎರಡು ಹಾಳೆಗಳನ್ನು ಜೋಡಿಸಿ ರೋಲರಿಗೆ ಕೊಡುವುದರಿಂದ ಒಳಬದಿ ಮಂಕಾಗುತ್ತದೆ, ಅಷ್ಟೇ. ಈ ವಿಷಯದಲ್ಲಿ ಎರಡೂ ಒಂದೇ.

ಈಗ ಅಕ್ಕನ ನಿಜವಾದ ಪ್ರಶ್ನೆ: “ಇದನ್ನ ತಿಂದವ್ರಿಗೆ ಏನರ ಆಗ್ತದೇನ್ರಿ?” ಲೆಕ್ಕ ಹಾಕೋಣ. ಮನೆಬಳಕೆಯ ಫಾಯಿಲ್ ಸುಮಾರು 11 ಮೈಕ್ರಾನ್ ದಪ್ಪ. ಒಂದು ಚದರ ಸೆಂಟಿಮೀಟರಿನ ತೂಕ 3 ಮಿಲಿಗ್ರಾಂ. ಒಂದು ಮಿಲಿಮೀಟರ್ ಅಗಲದ 20 ತೂತು ಬಿದ್ದಿದ್ದರೆ ಪಲ್ಯಕ್ಕೆ ಸೇರಿದ್ದು ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ. ತೂತು ಬೀಳದೆ ಸವೆದ ಭಾಗ ಸೇರಿಸಿ ಅದನ್ನು ಎರಡು ಮಿಲಿಗ್ರಾಂ ಎಂದೇ ಹಿಡಿಯಿರಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ, ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2011ರಲ್ಲಿ ಹಾಕಿದ ಮಿತಿ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ವಾರಕ್ಕೆ 120. ಯುರೋಪಿನವರ ಮಿತಿ ಇದರ ಅರ್ಧ. ತಿಂದದ್ದರಲ್ಲಿಯೂ ಶೇಕಡಾ ಒಂದಕ್ಕಿಂತ ಕಡಿಮೆ ರಕ್ತಕ್ಕೆ ಸೇರುತ್ತದೆ, ಅದನ್ನೂ ಮೂತ್ರಪಿಂಡ ಹೊರಹಾಕುತ್ತದೆ. ಆ ಪಲ್ಯವನ್ನು ಹಲವರು ಹಂಚಿಕೊಂಡು ಉಂಡರೆ ಏನೂ ಆಗದು. ಫಾಯಿಲಿನಿಂದ ಅಲ್ಝೈಮರ್ ಬರುತ್ತದೆಂಬ ಮಾತೂ ಸಾಬೀತಾಗಿಲ್ಲ.

ಹಾಗೆಂದು ಕೈಬಿಟ್ಟು ಕೂರುವಂತಿಲ್ಲ. ಮೂತ್ರಪಿಂಡ ಕೆಟ್ಟವರ ಲೆಕ್ಕವೇ ಬೇರೆ. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯೂಮಿನಿಯಂ ಹಲವು ರೋಗಿಗಳ ಮೆದುಳನ್ನೇ ಕೆಡಿಸಿತ್ತು. ಮಕ್ಕಳ ತೂಕ ಕಡಿಮೆ, ಅವರ ಮಿತಿಯೂ ಕಡಿಮೆ. ಇನ್ನು ಬಿಸಿ. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2017ರಲ್ಲಿ ಲೇಪನವಿಲ್ಲದ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಟೊಮೆಟೊ ರಸದಂಥ ಹುಳಿ ಪದಾರ್ಥಗಳನ್ನು ಬಿಸಿಯಾಗಿಟ್ಟು ನೋಡಿದಾಗ ಲೋಹ ಕಿಲೋಗೆ 5 ಮಿಲಿಗ್ರಾಂ ಮಿತಿಯನ್ನು ದಾಟಿತ್ತು. ಲಿಂಬೆಹಣ್ಣು, ಉಪ್ಪು, ಮಸಾಲೆ ಸವರಿದ ಮೀನನ್ನು ಫಾಯಿಲಿನಲ್ಲಿ ಸುತ್ತಿ ಸುಡುವವರು ಇದೇ ಪ್ರಯೋಗವನ್ನು ಇನ್ನೂ ಹೆಚ್ಚಿನ ಶಾಖದಲ್ಲಿ ಮಾಡುತ್ತಿರುತ್ತಾರೆ. ನಡುವೆ ಬಾಳೆಎಲೆ ಇದ್ದರೆ ಮೀನಿಗೂ ಲೋಹಕ್ಕೂ ಸಂಪರ್ಕವೇ ತಪ್ಪುತ್ತದೆ.

ಅಕ್ಕ ಬೂದು ಮಚ್ಚೆಗಳನ್ನು ಚಮಚದಲ್ಲಿ ಕೆರೆದು ತೆಗೆದರು. ಫಾಯಿಲ್ ಈಗ ರೊಟ್ಟಿಗೆ ಮಾತ್ರ; ಒಣ ರೊಟ್ಟಿಯಲ್ಲಿ ಹುಳಿಯೂ ಇಲ್ಲ, ರಸವೂ ಇಲ್ಲ. ಪಲ್ಯದ ಪಾತ್ರೆಗೆ ಸ್ಟೀಲಿನ ತಾಟೇ ಮುಚ್ಚಳ, ಅದರ ಮೇಲೆ ಭಾರಕ್ಕೆ ಒಳಕಲ್ಲಿನ ಗುಂಡು.