ಚಿತ್ರದ ಪಕ್ಕ ನಲವತ್ತು ಪದ

ಒಂದು ಫೋಟೊ, ಅದರ ಪಕ್ಕದಲ್ಲಿ ನಲವತ್ತು ಪದ ಮೀರದ ಒಂದು ಕವಿತೆ. ಚಿತ್ರ ತೆಗೆದವರು ಒಬ್ಬರು, ಅದಕ್ಕೆ ಬರೆದವರು ಇನ್ನೊಬ್ಬರು. ಎರಡನ್ನೂ ಒಟ್ಟಿಗೆ ನೋಡಿ ಒಂದೇ ಬಹುಮಾನ. ಕನ್ನಡದಲ್ಲಿ ‘ಚಿತ್ರಕವನ ಸ್ಪರ್ಧೆ’ ಎಂದು ಕರೆಯುವುದು ಇದನ್ನೇ. ಕೆಲವು ಕಡೆ ಸಂಘಟಕರೇ ಒಂದು ಚಿತ್ರ ಕೊಟ್ಟು ಎಲ್ಲರಿಂದಲೂ ಅದಕ್ಕೇ ಬರೆಸುತ್ತಾರೆ. ಫೋಟೊಗ್ರಾಫರ್ ಮತ್ತು ಕವಿ ಜೋಡಿಯಾಗಿ ಬರುವ ಬಗೆ ಇನ್ನೂ ಚೆಂದ, ಏಕೆಂದರೆ ಅಲ್ಲಿ ಚಿತ್ರವನ್ನು ಆರಿಸುವಾಗಲೇ ಕವಿತೆಯ ಯೋಚನೆ ಶುರುವಾಗುತ್ತದೆ.

ಎದುರಿಗಿರುವ ಒಂದು ಆಕೃತಿಯನ್ನು ನೋಡಿ ಹಾಡು ಕಟ್ಟುವುದು ನಮಗೆ ಹೊಸದೇನಲ್ಲ. ಮುಳಬಾಗಿಲಿನ ಡಿ.ವಿ.ಜಿ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಿ ‘ಅಂತಃಪುರ ಗೀತೆ’ ಬರೆದರು. ಕನ್ನಡಿ ಹಿಡಿದವಳು, ಗಿಣಿಯೊಡನೆ ಮಾತಾಡುವವಳು, ಹೀಗೆ ಒಬ್ಬೊಬ್ಬಳಿಗೆ ಒಂದೊಂದು ಹಾಡು. ಅವರು ಆ ಶಿಲ್ಪಗಳ ಒಡವೆ, ಸೀರೆ, ನಿಲುವುಗಳ ಪಟ್ಟಿ ಕೊಡುತ್ತಾ ಕೂರಲಿಲ್ಲ. ಆ ಹೆಣ್ಣನ್ನೇ ಮಾತಿಗೆಳೆದರು, ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೆದಕಿದರು. ಚಿತ್ರಕವನಕ್ಕೆ ಕೂರುವವರು ಈ ಒಂದು ಪುಸ್ತಕವನ್ನು ಓದಿಕೊಂಡರೆ ಅರ್ಧ ವಿದ್ಯೆ ಬಂದ ಹಾಗೆ. ಒಂದು ವ್ಯತ್ಯಾಸ ಮಾತ್ರ ಇದೆ. ಆ ಹಾಡುಗಳನ್ನು ಬೇಲೂರು ನೋಡದವರೂ ಕೇಳುತ್ತಾರೆ, ಹಾಗಾಗಿ ಅಲ್ಲಿ ರೂಪದ ಸುಳಿವನ್ನೂ ಕೊಡಬೇಕಿತ್ತು. ಸ್ಪರ್ಧೆಯಲ್ಲಿ ಚಿತ್ರ ಪಕ್ಕದಲ್ಲೇ ತೂಗುತ್ತಿರುತ್ತದೆ. ಕಣ್ಣಿಗೆ ಕಾಣುವುದನ್ನು ಹೇಳಲು ಒಂದು ಪದವನ್ನೂ ಖರ್ಚು ಮಾಡಬೇಕಿಲ್ಲ.

ನಲವತ್ತು ಪದ ಎಂದರೆ ಕನ್ನಡದಲ್ಲಿ ಎಷ್ಟು? ಸರ್ವಜ್ಞನ ಒಂದು ತ್ರಿಪದಿಗೆ ಹತ್ತು ಹನ್ನೆರಡು ಪದ ಸಾಕು. ದಿನಕರ ದೇಸಾಯಿಯವರ ಚುಟುಕು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಎಷ್ಟೋ ವಚನಗಳು ನಲವತ್ತರೊಳಗೇ ಪೂರೈಸುತ್ತವೆ. ಅಂದರೆ ಇದು ನಮಗೆ ಇಕ್ಕಟ್ಟಾದ ಅಳತೆಯೇನಲ್ಲ. ಅದೂ ಅಲ್ಲದೆ ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ಹೋಗಿಬಿಟ್ಟನೆಂದುಕೊಂಡೆ’ ಎಂದು ಒಟ್ಟಿಗೆ ಬರೆದರೆ ಒಂದು ಪದ, ‘ಹೋಗಿ ಬಿಟ್ಟ ಎಂದು ಕೊಂಡೆ’ ಎಂದು ಬಿಡಿಸಿದರೆ ನಾಲ್ಕು. ಸ್ಪರ್ಧೆಗಳಲ್ಲಿ ಜಗಳ ಹುಟ್ಟುವುದು ಇಲ್ಲೇ. ಕಂಪ್ಯೂಟರ್ ಎಣಿಸುವುದು ಪದಗಳ ನಡುವಿನ ಜಾಗವನ್ನು ನೋಡಿ. ಇದನ್ನು ತಿಳಿದವರು ಸಂಧಿಯ ನೆಪದಲ್ಲಿ ನಾಲ್ಕೈದು ಪದಗಳನ್ನು ಒಂದೇ ಸರಪಳಿ ಮಾಡಿ ಕಳಿಸುತ್ತಾರೆ. ಅಂಥ ಕವಿತೆಯನ್ನು ಗಟ್ಟಿಯಾಗಿ ಓದಿದರೆ ಮೋಸ ತಕ್ಷಣ ತಿಳಿಯುತ್ತದೆ: ಉಸಿರು ತೆಗೆದುಕೊಳ್ಳಲು ಜಾಗವೇ ಇರುವುದಿಲ್ಲ. ಮಾತಿನಲ್ಲಿ ಕೂಡಿ ಬರುವುದನ್ನು ಕೂಡಿಸಿ ಬರೆಯಬೇಕು, ಬಿಡಿಯಾಗಿ ಬರುವುದನ್ನು ಬಿಡಿಯಾಗಿಯೇ ಬಿಡಬೇಕು.

ಇನ್ನು ಚಿತ್ರದ ವಿಷಯ. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಎಂದರೆ ಹೊರಗಿನವರಿಗೆ ಗೊತ್ತಿರುವುದು ಉತ್ತರ ಪಿನಾಕಿನಿಯ ದಡದ ಸುಬ್ರಹ್ಮಣ್ಯ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಎಂದು ಎಣಿಸುವ ಕ್ಷೇತ್ರ ಅದು. ಷಷ್ಠಿಯ ತೇರಿನ ದಿನ ಅಲ್ಲಿ ಕ್ಯಾಮೆರಾಗಳಿಗೆ ಬರವಿಲ್ಲ. ಆದರೆ ತೇರಿನ ಚಿತ್ರ ಚಿತ್ರಕವನಕ್ಕೆ ಒಗ್ಗುವುದು ಕಷ್ಟ. ಜನ, ಬಣ್ಣ, ಹಗ್ಗ, ಹಾರುವ ಬಾಳೆಹಣ್ಣು, ಎಲ್ಲವೂ ಚೌಕಟ್ಟಿನೊಳಗೇ ತುಂಬಿರುತ್ತದೆ. ನೋಡುವವನಿಗೆ ಕೇಳಲು ಒಂದು ಪ್ರಶ್ನೆಯೂ ಉಳಿದಿರುವುದಿಲ್ಲ, ಕವಿ ಎಲ್ಲಿಂದ ಒಳಗೆ ಬರಬೇಕು? ಇದು ಮುಂದೆ ಏನಾಯಿತು, ಇದಕ್ಕೂ ಮೊದಲು ಏನಿತ್ತು ಎಂದು ಯಾವ ಚಿತ್ರ ಕೇಳುವಂತೆ ಮಾಡುತ್ತದೋ ಅದನ್ನು ಆರಿಸಬೇಕು.

ಇದೇ ಹೋಬಳಿಯಲ್ಲಿ ತೆಗೆದ ಅಂಥ ಒಂದು ಚಿತ್ರವನ್ನು ಗೆಳೆಯರೊಬ್ಬರು ನನ್ನ ಮುಂದಿಟ್ಟರು. ತಿರುಮಣಿಯ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿಕೊಂಡಿದೆ. 2018ರಲ್ಲಿ ಉದ್ಘಾಟನೆಯಾದ ಇದಕ್ಕೆ ಸರ್ಕಾರ ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಿತು. ಆರಂಭದ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪಹಣಿಯಲ್ಲಿ ಹೆಸರಿದ್ದವರಿಗೆ ಆ ಹಣ ಬರುತ್ತದೆ. ಹೊಲ ಇಲ್ಲದೆ ಬೇರೆಯವರ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಮೇವೂ ಇಲ್ಲ. ಗೆಳೆಯರ ಚಿತ್ರದಲ್ಲಿ ಬಲಗಡೆ ತಂತಿಬೇಲಿ, ಅದರಾಚೆ ದಿಗಂತದವರೆಗೂ ನೀಲಿ ಫಲಕಗಳ ಸಾಲು, ಫಲಕಗಳ ಕೆಳಗೆ ದಟ್ಟ ನೆರಳು. ಬೇಲಿಯ ಈಚೆ ಕೆಂಪು ನೆಲ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿಗಾಹಿ, ಹಿಂಡು. ಒಂದು ಮರಿ ತಂತಿಗೆ ಮೂತಿ ಇಟ್ಟಿದೆ.

ತೆಗೆಯುವಾಗ ಗಾಜಿನ ಹೊಳಪು ಅವರನ್ನು ಕಾಡಿತಂತೆ. ಕ್ಯಾಮೆರಾ ತಾನಾಗಿಯೇ ಬೆಳಕು ಅಳೆದಾಗ ಫಲಕಗಳು ಬೆಳ್ಳಗೆ ಸುಟ್ಟು ಹೋದವು. ಒಂದು ಸ್ಟಾಪ್ ಇಳಿಸಿದಾಗ ನೀಲಿ ಬಣ್ಣ ಬಂತು, ನೆರಳೂ ಗಟ್ಟಿಯಾಯಿತು, ಕುರಿಗಾಹಿಯ ಮುಖ ಮಾತ್ರ ಸ್ವಲ್ಪ ಕತ್ತಲಾಯಿತು. ಅವರು ಅದನ್ನು ಹಾಗೇ ಬಿಟ್ಟರು. ಒಳ್ಳೆಯ ತೀರ್ಮಾನ. ಮುಖದ ಭಾವ ಎದ್ದು ಕಾಣುತ್ತಿದ್ದರೆ ದುಃಖವೋ ಸಿಟ್ಟೋ ಎಂದು ಚಿತ್ರವೇ ಹೇಳಿಬಿಡುತ್ತಿತ್ತು.

ಇಂಥ ಚಿತ್ರ ಕೊಟ್ಟಾಗ ಸಾಮಾನ್ಯವಾಗಿ ಮೊದಲು ಬರುವ ಕವಿತೆ ಹೀಗಿರುತ್ತದೆ:

ನೀಲಿ ಫಲಕಗಳ ಸಾಲು ಸಾಲು,
ಬೇಲಿಯೀಚೆ ಕುರಿಗಳ ಹಿಂಡು,
ಕಂಬಳಿ ಹೊತ್ತ ಮುದುಕನೊಬ್ಬ
ಕೋಲೂರಿ ನಿಂತಿಹನು ನೋಡು.
ಮೇಲೆ ಸುಡುವ ಸೂರ್ಯನುಂಟು,
ಕೆಳಗೆ ಕೆಂಪು ನೆಲವುಂಟು…

ಇಷ್ಟಕ್ಕೇ ಹತ್ತೊಂಬತ್ತು ಪದ ಮುಗಿದಿವೆ, ಹೆಚ್ಚುಕಡಿಮೆ ಅರ್ಧ. ಇಲ್ಲಿಯವರೆಗೆ ಚಿತ್ರದಲ್ಲಿ ಕಾಣದ ಸಂಗತಿ ಒಂದೂ ಬಂದಿಲ್ಲ. ‘ನೋಡು’ ಎನ್ನುವ ಅಗತ್ಯವೇ ಇಲ್ಲ, ಓದುಗ ನೋಡುತ್ತಲೇ ಇದ್ದಾನೆ. ಪ್ರಾಸಕ್ಕೆಂದು ಬಂದ ‘ಉಂಟು’ ಎರಡು ಸಲ ಕೂತಿದೆ. ಇನ್ನುಳಿದ ಇಪ್ಪತ್ತೊಂದು ಪದಗಳಲ್ಲಿ ಕವಿ ಸಾಮಾನ್ಯವಾಗಿ ಪ್ರಗತಿಯ ಮೇಲೋ ಪ್ರಕೃತಿಯ ಮೇಲೋ ಒಂದು ಮಾತು ಹೇಳಿ ಕೈತೊಳೆದುಕೊಳ್ಳುತ್ತಾನೆ. ಆ ಮಾತು ಅಣೆಕಟ್ಟಿನ ಚಿತ್ರಕ್ಕೂ ಹೆದ್ದಾರಿಯ ಚಿತ್ರಕ್ಕೂ ಹೊಂದುತ್ತದೆ. ನಾನು ಕವಿತೆಗಳನ್ನು ಜರಡಿ ಹಿಡಿಯುವುದು ಇದರಿಂದಲೇ. ಕವಿತೆಯನ್ನು ತೆಗೆದು ಇನ್ನೊಂದು ಚಿತ್ರದ ಪಕ್ಕ ಇಡುತ್ತೇನೆ. ಅಲ್ಲೂ ಸರಿಹೋದರೆ ಅದು ಈ ಚಿತ್ರದ ಕವಿತೆಯಲ್ಲ.

ಹಾಗಾದರೆ ಏನು ಬರೆಯಬೇಕು? ಫೋಟೊ ಒಂದು ಕ್ಷಣವನ್ನು ಮಾತ್ರ ಹಿಡಿಯುತ್ತದೆ. ರಾತ್ರಿಯನ್ನು ಹಿಡಿದಿಲ್ಲ, ವಾಸನೆಯನ್ನು ಹಿಡಿದಿಲ್ಲ, ಹೋದ ವರ್ಷಗಳನ್ನು ಹಿಡಿದಿಲ್ಲ. ಈ ಸೀಮೆಯ ಬೇಸಾಯ ತಿಳಿದವರಿಗೆ ಈ ಚಿತ್ರ ನೋಡಿದ ಕೂಡಲೇ ನೆನಪಾಗುವುದು ಕುರಿ ಮಂದೆ. ಕಡಲೆಕಾಯಿ ಕಿತ್ತ ಮೇಲೆ ಹೊಲದಲ್ಲಿ ರಾತ್ರಿ ಕುರಿಗಳನ್ನು ತರುಬುತ್ತಾರೆ. ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಹಿಕ್ಕೆ, ಗಂಜಲದ ಗೊಬ್ಬರ. ಅದಕ್ಕಾಗಿ ಹೊಲದವರು ಕುರಿಯವರಿಗೆ ದುಡ್ಡನ್ನೋ ಕಾಳನ್ನೋ ಕೊಡುತ್ತಾರೆ. ಮೇವು ಇವರಿಗೆ, ಗೊಬ್ಬರ ಅವರಿಗೆ. ಬೇಲಿ ಬಂದಾಗ ಮುಚ್ಚಿಹೋದದ್ದು ದಾರಿ ಒಂದೇ ಅಲ್ಲ, ಈ ಕೊಡುಕೊಳೆಯೂ ಹೋಯಿತು. ಚಿತ್ರದಲ್ಲಿ ಇದು ಎಲ್ಲೂ ಇಲ್ಲ, ಆದರೆ ಇದನ್ನು ತಿಳಿದ ಮೇಲೆ ಚಿತ್ರವನ್ನು ಮೊದಲಿನಂತೆ ನೋಡಲಾಗುವುದಿಲ್ಲ. ಆ ಎಳೆ ಹಿಡಿದು ನಾನು ಬರೆದದ್ದು ಇದು:

ರಾತ್ರಿ ಇಲ್ಲೇ ಮಂದೆ ಹಾಕುತ್ತಿದ್ದೆವು.
ಗೊಬ್ಬರಕ್ಕೆಂದು ಹೊಲದವರು ರಾಗಿ ಅಳೆದು ಕೊಡುತ್ತಿದ್ದರು.
ಈಗ ಹೊಲ ಬಿಸಿಲು ಬೆಳೆಯುತ್ತದೆ,
ಹಿಕ್ಕೆ ಕೇಳುವುದಿಲ್ಲ.
ಒಳಗೆ ಎಷ್ಟೊಂದು ನೆರಳು
ಮಲಗುವವರಿಲ್ಲದೆ ಬಿದ್ದಿದೆ.
ಮರಿಯೊಂದು ತಂತಿಗೆ ಮೂತಿ ಒತ್ತಿದೆ.
ನಡಿ ತಾಯಿ ನಡಿ,
ಅದು ನಮ್ಮ ಕಡಲೆಕಾಯಿ ಹೊಲವಲ್ಲ.
ಹೊಳೆಯ ಮರಳಿನಲ್ಲಿ ಒಂದು ಒರತೆ ಉಳಿದಿದೆ,
ನಾವು ತಲುಪುವಷ್ಟರಲ್ಲಿ ನೀರು ಊರೀತು.

ಎಣಿಸಿದರೆ ಸರಿಯಾಗಿ ನಲವತ್ತು. ಮೊದಲ ಒಂಬತ್ತು ಪದ ಚಿತ್ರಕ್ಕಿಂತ ಹಿಂದಿನ ಕಾಲಕ್ಕೆ ಹೋಗಿವೆ, ಕೊನೆಯ ಒಂಬತ್ತು ಚಿತ್ರ ಮುಗಿದ ಮೇಲಿನ ಸಂಜೆಗೆ. ಚಿತ್ರದಲ್ಲಿ ಕಾಣುವುದನ್ನು ಮುಟ್ಟಿರುವುದು ನೆರಳು ಮತ್ತು ಮರಿಯ ಸಾಲುಗಳು ಮಾತ್ರ. ಅವೆರಡು ಇಲ್ಲದಿದ್ದರೆ ಕವಿತೆ ಚಿತ್ರದಿಂದ ಬಿಡಿಸಿಕೊಂಡು ಹೋಗುತ್ತದೆ, ಹಾಗಾಗಿ ಅವುಗಳಿಗೆ ಒಂಬತ್ತು ಪದ ಕೊಟ್ಟದ್ದು ದಂಡವಲ್ಲ. ಊರಿನ ಹೆಸರನ್ನು ಕವಿತೆಯಲ್ಲಿ ಹಾಕಲಿಲ್ಲ. ಚಿತ್ರದ ಕೆಳಗಿನ ಶೀರ್ಷಿಕೆಯಲ್ಲಿ ‘ನಾಗಲಮಡಿಕೆ ಹೋಬಳಿ’ ಎಂದಿದೆ, ಕವಿತೆ ಅದನ್ನು ಪುಕ್ಕಟೆಯಾಗಿ ಬಳಸಿಕೊಳ್ಳುತ್ತದೆ. ಹೊಳೆ ಎಂದರೆ ಪಿನಾಕಿನಿ ಎಂದು ಹಾಗೆಯೇ ತಿಳಿಯುತ್ತದೆ. ವರ್ಷದ ಬಹುಪಾಲು ಅದು ಮರಳ ಹೊಳೆ, ಒರತೆ ತೋಡಿ ನೀರು ಊರಲು ಕಾಯಬೇಕು. ಈ ಗಡಿ ಸೀಮೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಈ ಕುರಿಗಾಹಿ ಮರಿಯನ್ನು ಕರೆಯುವುದೂ ತೆಲುಗಿನಲ್ಲೇ ಇದ್ದೀತು. ಅಲ್ಲಿಯ ಕವಿಯೊಬ್ಬರು ಆ ಒಂದು ಕರೆಯನ್ನು ತೆಲುಗಿನಲ್ಲೇ ಇಟ್ಟರೆ ನಾನು ಆಕ್ಷೇಪಿಸುವುದಿಲ್ಲ. ಅರ್ಥವಾಗಲು ಮೂತಿ ಇಟ್ಟ ಮರಿ ಪಕ್ಕದ ಚಿತ್ರದಲ್ಲೇ ಇದೆ.

ಕವಿತೆಯನ್ನು ಫೋಟೊದ ಮೇಲೆಯೇ ಅಚ್ಚು ಹಾಕುವುದು ಈಚೆಗೆ ಹೆಚ್ಚಾಗಿದೆ. ಅದು ಬೇಡ. ಅಕ್ಷರ ಓದಿಸಲು ಚಿತ್ರದ ಒಂದು ಭಾಗವನ್ನು ಮಸುಕು ಮಾಡುತ್ತಾರೆ, ಎರಡೂ ಕೆಡುತ್ತವೆ. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಚಿತ್ರ, ಪಕ್ಕದ ಬಿಳಿ ಹಾಳೆಯಲ್ಲಿ ಕವಿತೆ, ಎರಡೂ ಒಂದೇ ಎತ್ತರದಲ್ಲಿದ್ದರೆ ಸಾಕು. ಅಂಕಗಳ ವಿಷಯದಲ್ಲಿ ನನ್ನ ಮತ ಇದು: ಚಿತ್ರಕ್ಕೆ ನಲವತ್ತು, ಕವಿತೆಗೆ ನಲವತ್ತು, ಎರಡರ ಹೊಂದಿಕೆಗೆ ಇಪ್ಪತ್ತು. ಹೊಂದಿಕೆಗೆಂದೇ ಅಂಕ ಇಡದಿದ್ದರೆ ಒಳ್ಳೆಯ ಚಿತ್ರವೊಂದು ಸಪ್ಪೆ ಕವಿತೆಯನ್ನು ಎಳೆದುಕೊಂಡು ಬಹುಮಾನದವರೆಗೂ ಹೋಗಿಬಿಡುತ್ತದೆ.

ಇಂಥ ಸ್ಪರ್ಧೆ ನಡೆಸುವ ಸಂಘಗಳಲ್ಲಿ, ಕಾಲೇಜುಗಳಲ್ಲಿ ಎರಡು ವಿನಂತಿ. ಶೀರ್ಷಿಕೆಯನ್ನು ಪದಗಳ ಲೆಕ್ಕಕ್ಕೆ ಹಿಡಿಯುತ್ತೀರೋ ಇಲ್ಲವೋ, ‘ಮೆಲ್ಲ ಮೆಲ್ಲ’ ಒಂದೋ ಎರಡೋ ಎಂಬುದನ್ನು ಪ್ರಕಟಣೆಯಲ್ಲೇ ಬರೆದುಬಿಡಿ, ಫಲಿತಾಂಶದ ದಿನದ ತಕರಾರು ತಪ್ಪುತ್ತದೆ. ಚಿತ್ರದಲ್ಲಿ ಗುರುತು ಸಿಗುವ ವ್ಯಕ್ತಿ ಇದ್ದರೆ ಅವರ ಒಪ್ಪಿಗೆ ಪಡೆಯುವುದನ್ನು ಕಡ್ಡಾಯ ಮಾಡಿ, ಪ್ರದರ್ಶನಕ್ಕೆ ಮೊದಲು ಕವಿತೆಯನ್ನೂ ಅವರಿಗೆ ಒಮ್ಮೆ ಓದಿ ಹೇಳಿ. ಅವರ ಬಾಯಲ್ಲಿ ಮಾತು ಇಡುತ್ತಿರುವವರು ನಾವು.