ಜಂಟಿ ಅಭಿವೃದ್ಧಿ ಕರಾರು: ಸಹಿಗೆ ಮೊದಲು ನೋಡಬೇಕಾದ ನಾಲ್ಕು ಕಲಮು

ಬೆಂಗಳೂರಿನ ಹೊರವಲಯದಲ್ಲಿ ನಿಮ್ಮದೊಂದು ಎಕರೆ ಜಮೀನಿದೆ ಎನ್ನಿ. ಬಿಲ್ಡರ್ ತಂದ ಕರಾರು ಎಷ್ಟೇ ದಪ್ಪವಿರಲಿ, ನಾಲ್ಕು ವಿಷಯಗಳನ್ನು ಒಂದು ಪುಟಕ್ಕೆ ಇಳಿಸಿಕೊಳ್ಳಿ.

ಮೊದಲು ಪಾಲು. ನಿಮಗೆ ಶೇ. 40 ಎಂದರೆ ಯಾವುದರಲ್ಲಿ? ಒಟ್ಟು 1,00,000 ಚದರಡಿ ಸೂಪರ್ ಬಿಲ್ಟ್‌ಅಪ್‌ನಲ್ಲಿ 40,000 ಬಂದರೂ, ಮೆಟ್ಟಿಲು, ಲಿಫ್ಟು, ಮೊಗಸಾಲೆ ಕಳೆದರೆ ಮನೆಯೊಳಗಿನ ಜಾಗ ಸಾಕಷ್ಟು ಕಡಿಮೆ. ನಕ್ಷೆ ಮಂಜೂರಾದೊಡನೆ ಯಾವ ಫ್ಲ್ಯಾಟ್, ಯಾವ ಪಾರ್ಕಿಂಗ್ ಯಾರಿಗೆಂದು ಹಂಚಿಕೆ ಪತ್ರ ಆಗಬೇಕು.

ಎರಡನೆಯದು ಗಡುವು. ‘ನಕ್ಷೆ ಮಂಜೂರಾದ ದಿನದಿಂದ 30 ತಿಂಗಳು’ ಎಂದಷ್ಟೇ ಇದ್ದರೆ, ಮಂಜೂರಾತಿ ತಡವಾದಷ್ಟೂ ಲೆಕ್ಕ ಶುರುವಾಗುವುದೇ ಇಲ್ಲ. ಮಂಜೂರಾತಿಗೂ ಕೊನೆಯ ದಿನ ಬರೆಸಿ.

ಮೂರನೆಯದು ಠೇವಣಿ. ಪಡೆದ 50 ಲಕ್ಷ ಮರಳಿಸಬೇಕಾದದ್ದಾದರೆ ಅದು ಆದಾಯವಲ್ಲ, ಸಾಲ. ಮರುಪಾವತಿಯನ್ನು ಓಸಿ ಸಹಿತ ನಿಮ್ಮ ಫ್ಲ್ಯಾಟ್‌ಗಳ ಹಸ್ತಾಂತರಕ್ಕೆ ಗಂಟುಹಾಕಿ.

ಕೊನೆಯದು ರದ್ದತಿ. ಮಂಜೂರಾತಿ ಬಾರದಿದ್ದರೆ, ಕೆಲಸ ಆರು ತಿಂಗಳು ನಿಂತರೆ ನೋಟಿಸ್ ಕೊಟ್ಟು ರದ್ದುಮಾಡುವ ಹಕ್ಕಿರಲಿ. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ನೋಂದಣಿಯಾದ ಕರಾರು, ಜಿಪಿಎ ಇಸಿಯಿಂದ ಅಳಿಯುವುದಿಲ್ಲ. ಬಿಲ್ಡರ್ ಇಷ್ಟು ದಿನದೊಳಗೆ ಬಂದು ರದ್ದತಿ ಪತ್ರಕ್ಕೆ ಸಹಿ ಹಾಕಬೇಕು, ಠೇವಣಿ ಅದೇ ದಿನ ಮರಳಬೇಕು ಎಂದು ಕರಾರಿನಲ್ಲೇ ಸೇರಿಸಿ.