ಕಿಟಕಿಯ ಬೆಳಕಿನಲ್ಲಿ ಅರಗಿನ ಆಟಿಕೆ: ಮಾರಾಟ ತಾಣಕ್ಕೆ ಮೊಬೈಲ್‌ನಿಂದ ಛಾಯಾಚಿತ್ರ ತೆಗೆಯುವ ಕ್ರಮ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವಸಹಾಯ ಸಂಘಗಳು ತಮ್ಮ ಕೈಕೆಲಸದ ವಸ್ತುಗಳನ್ನು ಆನ್‌ಲೈನ್ ಮಾರಾಟ ತಾಣಗಳಿಗೆ ಸೇರಿಸುವಾಗ ಮೊದಲು ಎಡವುವುದು ಛಾಯಾಚಿತ್ರದಲ್ಲಿ. ಕೊಳ್ಳುವವರು ವಸ್ತುವನ್ನು ಮುಟ್ಟಿ ನೋಡಲಾರರು. ಚಿತ್ರದಲ್ಲಿ ಕಂಡ ಬಣ್ಣ ಹಾಗೂ ಗಾತ್ರವನ್ನೇ ನಂಬಿ ಹಣ ಕಟ್ಟುತ್ತಾರೆ. ತಲುಪಿದ ವಸ್ತು ಬೇರೆಯಾಗಿ ಕಂಡರೆ ಅದು ಹಿಂದಿರುಗುತ್ತದೆ, ಮತ್ತು ಹಿಂದಿರುಗಿದ ವಸ್ತುವಿನ ನಷ್ಟ ಬಹುಪಾಲು ಬೀಳುವುದು ತಯಾರಿಸಿದವರ ಮೇಲೆಯೇ. ಇದನ್ನು ತಪ್ಪಿಸಲು ಸ್ಟುಡಿಯೋ ಬೇಕಿಲ್ಲ. ಪಂಚಾಯಿತಿ ಕಟ್ಟಡದ ಒಂದು ಕೋಣೆ, ಒಂದು ಕಿಟಕಿ, ಒಂದು ಬಿಳಿ ಪಂಚೆ ಹಾಗೂ ಸಾಧಾರಣ ಮೊಬೈಲ್ ಸಾಕು. ಚಿತ್ರ ತೆಗೆಯಲು ಕಠಿಣವೆನಿಸುವ ಚನ್ನಪಟ್ಟಣದ ಅರಗಿನ ಆಟಿಕೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಗರಿಯಿಂದ ಒತ್ತಿ ಹೊಳಪು ಕೊಡಲಾಗುತ್ತದೆ. ಆ ಹೊಳಪೇ ಈ ಆಟಿಕೆಯ ಗುಣ. ಕ್ಯಾಮೆರಾದ ಮುಂದೆ ಅದೇ ತೊಡಕು. ಹೊಳೆಯುವ ದುಂಡನೆಯ ಮೈ ಕನ್ನಡಿಯಂತೆ ವರ್ತಿಸಿ, ಸುತ್ತಲಿರುವುದನ್ನೆಲ್ಲ ತನ್ನಲ್ಲಿ ತೋರಿಸುತ್ತದೆ. ನಮ್ಮ ಕಿಟಕಿಗಳಿಗೆ ಕಬ್ಬಿಣದ ಸರಳುಗಳಿರುವುದರಿಂದ, ಕೆಂಪು ಆಟಿಕೆಯ ಮೇಲೆ ಬಿಳಿ ಹೊಳಪಿನ ನಡುವೆ ಕಪ್ಪು ಗೆರೆಗಳು ಸಾಲಾಗಿ ಮೂಡುತ್ತವೆ. ನೋಡುವವರಿಗೆ ಅದು ಸರಳಿನ ಬಿಂಬವೆಂದು ಹೊಳೆಯುವುದಿಲ್ಲ. ಅರಗು ಬಿರುಕು ಬಿಟ್ಟಿದೆಯೆಂದೇ ಭಾವಿಸುತ್ತಾರೆ.

ಇದಕ್ಕೆ ಪರಿಹಾರ ಪಂಚೆ. ತೆಳುವಾದ ಬಿಳಿ ಪಂಚೆಯನ್ನು ಕಿಟಕಿಗೆ ಅಡ್ಡಲಾಗಿ ಕಟ್ಟಬೇಕು, ಆದರೆ ಸರಳಿಗೆ ತಾಗಿಸಬಾರದು. ತಾಗಿದರೆ ಸರಳುಗಳು ಬಟ್ಟೆಯ ಮೂಲಕವೂ ಸ್ಪಷ್ಟವಾಗಿ ಕಾಣುತ್ತವೆ; ಒಂದು ಗೇಣು ಒಳಗೆ ತೂಗಿಬಿಟ್ಟರೆ ಅವು ಮಸುಕಾಗಿ ಮರೆಯಾಗುತ್ತವೆ. ಆಗ ಬೆಳಕಿನ ಮೂಲ ಕಿಟಕಿಯಲ್ಲ, ಇಡೀ ಬಟ್ಟೆಯೇ. ಪಂಚೆಯ ಬಣ್ಣದ ಅಂಚನ್ನು ಹಿಂದಕ್ಕೆ ಮಡಚಿರಬೇಕು, ಇಲ್ಲವಾದರೆ ಅದೂ ಆಟಿಕೆಯ ಮೈಯಲ್ಲಿ ಬಿಂಬಿಸುತ್ತದೆ. ಬಿಸಿಲು ನೇರವಾಗಿ ಬೀಳುವ ಕಿಟಕಿ ಬೇಡ, ಏಕೆಂದರೆ ಬಿಸಿಲು ಸರಳಿನ ನೆರಳನ್ನೇ ಬಟ್ಟೆಯ ಮೇಲೆ ಬರೆಯುತ್ತದೆ. ಉತ್ತರದ ಕಿಟಕಿ ವರ್ಷದ ಬಹುಪಾಲು ಅನುಕೂಲ. ಅದಿಲ್ಲದಿದ್ದರೆ ಬೆಳಿಗ್ಗೆ ಪಶ್ಚಿಮದ ಕಿಟಕಿಯನ್ನೂ ಮಧ್ಯಾಹ್ನದ ನಂತರ ಪೂರ್ವದ ಕಿಟಕಿಯನ್ನೂ ಬಳಸಬಹುದು.

ಮೇಜನ್ನು ಕಿಟಕಿಯಿಂದ ಎರಡು ಅಡಿ ದೂರದಲ್ಲಿ, ಬೆಳಕು ಪಕ್ಕದಿಂದ ಬರುವಂತೆ ಇಡಬೇಕು. ಹತ್ತಿರವಿದ್ದಷ್ಟೂ ವಸ್ತುವಿನ ಪಾಲಿಗೆ ಕಿಟಕಿ ದೊಡ್ಡದು. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೃದು. ದೂರ ಸರಿಸಿದರೆ ನೆರಳು ಗಡುಸಾಗುತ್ತದೆ. ಬಿಳಿ ಡ್ರಾಯಿಂಗ್ ಶೀಟಿನ ಒಂದು ಅಂಚನ್ನು ಮೇಜಿನ ಹಿಂದಿನ ಗೋಡೆಗೆ ಅಂಟಿಸಿ, ಮಡಿಕೆ ಬೀಳದಂತೆ ಬಾಗಿಸಿ ಮೇಜಿನ ಮೇಲಕ್ಕೆ ಹರಡಿದರೆ ಗೋಡೆ-ಮೇಜು ಕೂಡುವ ಗೆರೆ ಕಾಣುವುದಿಲ್ಲ. ಕಿಟಕಿಗೆ ಎದುರಾದ ಬದಿಯಲ್ಲಿ, ವಸ್ತುವಿನಿಂದ ಒಂದು ಅಡಿ ಅಂತರದಲ್ಲಿ, ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಅದು ಬೆಳಕನ್ನು ಹಿಂದಿರುಗಿಸಿ ಕತ್ತಲೆಯ ಬದಿಯನ್ನು ತಿಳಿಗೊಳಿಸುತ್ತದೆ.

ಕೋಣೆಯ ಟ್ಯೂಬ್‌ಲೈಟನ್ನು ಆರಿಸುವುದು ಕಡ್ಡಾಯ. ವಿದ್ಯುತ್ ದೀಪದ ಬಣ್ಣ ಒಂದು, ಹಗಲಿನ ಬಣ್ಣ ಮತ್ತೊಂದು. ಎರಡೂ ಬೆರೆತಾಗ ಆಟಿಕೆಯ ಒಂದು ಬದಿ ಒಂದು ಛಾಯೆ, ಇನ್ನೊಂದು ಬದಿ ಬೇರೊಂದು ಛಾಯೆ ತಳೆಯುತ್ತದೆ, ಮತ್ತು ಯಾವ ತಿದ್ದುಪಡಿಯೂ ಎರಡನ್ನೂ ಏಕಕಾಲಕ್ಕೆ ಸರಿಪಡಿಸದು. ಹಸಿರು ಅಥವಾ ಗುಲಾಬಿ ಬಣ್ಣ ಬಳಿದ ಗೋಡೆಯೂ ಇದೇ ತೊಂದರೆ ಕೊಡುತ್ತದೆ. ಚಿತ್ರ ತೆಗೆಯುವವರ ಉಡುಪು ಕೂಡ. ಕಡುಗೆಂಪು ಸೀರೆಯುಟ್ಟು ಹಳದಿ ಆಟಿಕೆಯ ಮುಂದೆ ನಿಂತರೆ ಹಳದಿಯ ನಡುವೆ ಕೆಂಪು ಮಚ್ಚೆ ಕಾಣುವುದು ಖಚಿತ.

ಇನ್ನು ಮೊಬೈಲ್. ಮೂರು ಬಣ್ಣದ ಬಳೆಗಳನ್ನು ಕಂಬಕ್ಕೆ ಪೋಣಿಸಿದ ಆರು ಅಂಗುಲ ಎತ್ತರದ ಆಟಿಕೆಯೆಂದು ಭಾವಿಸೋಣ. ಹೆಚ್ಚಿನವರು ಮೊಬೈಲನ್ನು ಅದರ ಮೂತಿಗೇ ಹಿಡಿಯುತ್ತಾರೆ. ಮೊಬೈಲಿನ ಮುಖ್ಯ ಮಸೂರ ಅಗಲ ನೋಟದ್ದು. ತೀರ ಹತ್ತಿರದಿಂದ ಅದು ಮುಂದಿನ ಭಾಗವನ್ನು ಉಬ್ಬಿಸಿ, ಹಿಂದಿನದನ್ನು ಕುಗ್ಗಿಸಿ ತೋರಿಸುತ್ತದೆ. ನೆಟ್ಟಗಿರುವ ಕಂಬ ಕೆಳಗೆ ಸಣ್ಣದಾಗಿ ವಾಲಿದಂತಾಗುತ್ತದೆ. ಆದ್ದರಿಂದ ಮೂರು ಅಡಿ ಹಿಂದೆ ಸರಿದು, ಪರದೆಯಲ್ಲಿ 2x ಒತ್ತಿ, ಮೊಬೈಲನ್ನು ಆಟಿಕೆಯ ಎತ್ತರದ ನಡುಮಟ್ಟಕ್ಕೆ ತಂದು, ಪುಸ್ತಕಗಳ ಕಟ್ಟಿಗೆ ಒರಗಿಸಿ ನಿಲ್ಲಿಸಬೇಕು. ಮಸೂರವನ್ನು ಹತ್ತಿಬಟ್ಟೆಯಿಂದ ಒರೆಸಿ, ಫ್ಲ್ಯಾಶ್ ಹಾಗೂ ಫಿಲ್ಟರ್ ಆರಿಸಿ, ಕೈಯ ನಡುಕ ತಪ್ಪಿಸಲು ಮೂರು ಸೆಕೆಂಡಿನ ಟೈಮರ್ ಇಡಬೇಕು.

ಹೀಗೆ ತೆಗೆದ ಮೊದಲ ಚಿತ್ರದಲ್ಲಿ ಬಿಳಿ ಹಾಳೆ ಬೂದು ಬಣ್ಣದ್ದಾಗಿ ಬರುವುದು ಸಾಮಾನ್ಯ. ಮೊಬೈಲ್ ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ. ಕ್ಯಾಮೆರಾ ತಾನು ಕಂಡುದನ್ನು ನಡುಮಟ್ಟದ ಬೂದಿನ ಹೊಳಪಿಗೆ ತರಲು ಯತ್ನಿಸುತ್ತದೆ; ಚೌಕಟ್ಟಿನ ಬಹುಭಾಗ ಬಿಳಿಯಿದ್ದರೆ ಬೆಳಕು ಅತಿಯಾಯಿತೆಂದು ಎಣಿಸಿ ಕಡಿಮೆ ಮಾಡುತ್ತದೆ. ಪರದೆಯಲ್ಲಿ ಆಟಿಕೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬಹುತೇಕ ಮೊಬೈಲುಗಳಲ್ಲಿ ಫೋಕಸ್ ಅಲ್ಲಿಯೇ ನಿಲ್ಲುತ್ತದೆ, ಪಕ್ಕದಲ್ಲಿ ಸೂರ್ಯನ ಗುರುತೊಂದು ಮೂಡುತ್ತದೆ. ಅದನ್ನು ನಿಧಾನವಾಗಿ ಮೇಲಕ್ಕೆ ಸರಿಸುತ್ತ ಹಾಳೆ ಬಿಳಿಯಾಗುವವರೆಗೆ ಹೋಗಬೇಕು. ಎಲ್ಲಿ ನಿಲ್ಲಬೇಕೆಂಬುದನ್ನು ಹಳದಿ ಬಳೆ ಹೇಳುತ್ತದೆ: ಅದರ ಮೈಯ ತಿರುವು ಅಳಿಸಿ, ಚಪ್ಪಟೆ ಬಿಲ್ಲೆಯಂತೆ ಕಾಣತೊಡಗಿದರೆ ಮಿತಿ ದಾಟಿದೆಯೆಂದರ್ಥ. ಒಂದೆರಡು ಹೆಜ್ಜೆ ಇಳಿಸಬೇಕು.

ಆಟಿಕೆಯ ಅಂಚಿನಲ್ಲಿ ಒಂದು ಬಿಳಿ ಪಟ್ಟಿ ಉಳಿದೇ ಇರುತ್ತದೆ. ದುಂಡನೆಯ ಮೈಯಿಂದ ಅದನ್ನು ಪೂರ್ತಿ ಅಳಿಸಲಾಗದು, ಅಳಿಸಲೂಬಾರದು. ಅದಿಲ್ಲದಿದ್ದರೆ ಅರಗು ಪ್ಲಾಸ್ಟಿಕ್ಕಿನಂತೆ ಮಂಕಾಗಿ ಕಾಣುತ್ತದೆ. ಪಟ್ಟಿ ಒಂದೇ ಇದ್ದು, ನೀಳವಾಗಿ, ಅಂಚು ಮೃದುವಾಗಿದ್ದರೆ ಸರಿ. ನಾಲ್ಕಾರು ಚುಕ್ಕೆ-ಗೆರೆಗಳಿದ್ದರೆ ಇನ್ನೊಂದು ಕಿಟಕಿಯೋ ಬಾಗಿಲೋ ತೆರೆದಿದೆ, ಹುಡುಕಿ ಮುಚ್ಚಬೇಕು. ಪಟ್ಟಿ ನಟ್ಟನಡುವೆ ಬಿದ್ದು ಬಣ್ಣವನ್ನು ಮುಚ್ಚಿದರೆ, ಮೇಜನ್ನು ಅಷ್ಟಿಷ್ಟು ಸರಿಸಿ ಕಿಟಕಿ ಇನ್ನಷ್ಟು ಪಕ್ಕಕ್ಕೆ ಬರುವಂತೆ ಮಾಡಿದಾಗ ಅದು ಅಂಚಿಗೆ ಹೋಗುತ್ತದೆ.

ಬಣ್ಣದ ಪರೀಕ್ಷೆ ಅಲ್ಲಿಯೇ ನಡೆಯಬೇಕು, ಸಂಜೆ ಮನೆಯಲ್ಲಲ್ಲ. ಆಟಿಕೆಯನ್ನು ಅದೇ ಕಿಟಕಿಯ ಬೆಳಕಿನಲ್ಲಿ ಮೊಬೈಲಿನ ಪಕ್ಕಕ್ಕೆ ಹಿಡಿದು, ಪರದೆಯ ಹೊಳಪನ್ನು ಮಧ್ಯಮಕ್ಕಿರಿಸಿ, ಇನ್ನೊಬ್ಬರ ಕಣ್ಣಿಗೂ ತೋರಿಸಬೇಕು. ಹಳದಿಯ ವಸ್ತುವೊಂದೇ ಚೌಕಟ್ಟನ್ನೆಲ್ಲ ತುಂಬಿದಾಗ ಕ್ಯಾಮೆರಾ ಅದನ್ನು ಹಳದಿ ದೀಪವೆಂದು ಭ್ರಮಿಸಿ ನೀಲಿ ಬೆರೆಸುತ್ತದೆ. ಸುತ್ತ ಸ್ವಲ್ಪ ಬಿಳಿ ಹಾಳೆ ಕಾಣುವಂತೆ ಬಿಟ್ಟರೆ ಈ ತಪ್ಪು ಕಡಿಮೆ. ಬಣ್ಣ ಹೆಚ್ಚಿಸುವ ಗುಂಡಿಯನ್ನು ಮುಟ್ಟದಿರುವುದು ಒಳಿತು. ತರಕಾರಿ ಮೂಲದ ಬಣ್ಣ ಸಹಜವಾಗಿಯೇ ಸೌಮ್ಯ. ಅದನ್ನು ಉಜ್ವಲಗೊಳಿಸಿ ಮಾರಿದರೆ ದೂರು ಬರುತ್ತದೆ.

ಅಮೆಜಾನ್‌ನಂತಹ ತಾಣದ ಮುಖ್ಯ ಚಿತ್ರಕ್ಕೆ ಹಿನ್ನೆಲೆ ಅಪ್ಪಟ ಬಿಳಿಯೇ ಇರಬೇಕೆಂಬ ನಿಯಮವಿದೆ. ಕಿಟಕಿಯ ಬೆಳಕು ಹಾಳೆಯ ಒಂದು ಮೂಲೆಯಲ್ಲಾದರೂ ತುಸು ಬೂದು ಬಿಟ್ಟೇಬಿಡುತ್ತದೆ, ಹೀಗಾಗಿ ಅದೊಂದು ಚಿತ್ರದ ಹಿನ್ನೆಲೆಯನ್ನು ಆ್ಯಪ್‌ನಲ್ಲಿ ಬಿಳಿಯಾಗಿಸಬೇಕಾದೀತು. ಉಳಿದ ಚಿತ್ರಗಳಿಗೆ ಆ ಶ್ರಮ ಬೇಡ. ಪಕ್ಕದ ನೋಟ, ಬಳೆಗಳನ್ನು ಬಿಡಿಸಿಟ್ಟ ನೋಟ, ಅಡಿಭಾಗ ಹಾಗೂ ಅಂಗೈಯಲ್ಲಿ ಹಿಡಿದ ನೋಟ ಇದ್ದರೆ ಸಾಕು. ಕೊನೆಯದನ್ನು ಬಿಡಲಾಗದು, ಏಕೆಂದರೆ ಆರು ಅಂಗುಲವೆಂದು ಬರೆದಿದ್ದರೂ ಜನ ಓದುವುದಿಲ್ಲ; ಕೈಯನ್ನು ನೋಡಿ ಅಳೆಯುತ್ತಾರೆ.

ಚಿತ್ರಗಳನ್ನು ಒಕ್ಕೂಟದ ಕಚೇರಿಗೆ ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಫೋಟೋ ಎಂದಲ್ಲದೆ Document ಎಂಬ ಆಯ್ಕೆಯಿಂದ ಕಳುಹಿಸಬೇಕು. ಫೋಟೋ ಎಂದು ಕಳುಹಿಸಿದರೆ ಅದು ಕುಗ್ಗಿ ಹೋಗುತ್ತದೆ, ಕೊಳ್ಳುವವರು ಹಿಗ್ಗಿಸಿ ನೋಡಿದಾಗ ಅರಗಿನ ನುಣುಪಿನ ಬದಲು ಚೌಕಚೌಕದ ಮಸುಕೇ ಕಾಣುತ್ತದೆ.